ನಾಡಿ ಓಡುತ್ತಿದೆಯೇ? ಹೃದಯವೊಂದೇ ಕಾರಣವಲ್ಲ

ವಯಸ್ಕರು ವಿಶ್ರಾಂತಿಯಲ್ಲಿದ್ದಾಗ ನಾಡಿ ನಿಮಿಷಕ್ಕೆ 60ರಿಂದ 100 ಸಲ ಬಡಿಯುತ್ತದೆ. ಜೇವರ್ಗಿಯ ಒಬ್ಬ ತಾಯಿಗೆ ಹದಿನೈದು ದಿನದಿಂದ ಅದು 110 ಇದೆ ಎಂದಿಟ್ಟುಕೊಳ್ಳಿ. ಮನೆಯವರಿಗೆ ಹೃದಯದ್ದೇ ಭಯ.

ಮೊದಲು ಥರ್ಮಾಮೀಟರ್ ಇಟ್ಟು ನೋಡಬೇಕು. 102 ಡಿಗ್ರಿ ಜ್ವರವಿದ್ದರೆ ನಾಡಿ ಸುಮಾರು 20 ಬಡಿತ ಏರಬಹುದು. ಜ್ವರ ಇಳಿದಂತೆ ಅದೂ ಇಳಿಯುತ್ತದೆ. ಈ ತಾಯಿಗೆ ಜ್ವರವಿಲ್ಲ.

ಮುಂದೆ, ಗಾಢ ನಿದ್ರೆಯಲ್ಲಿರುವಾಗ ಮನೆಯವರು ಮಣಿಕಟ್ಟಿನ ನಾಡಿಯನ್ನು ಪೂರ್ತಿ ಒಂದು ನಿಮಿಷ ಎಣಿಸಲಿ. ಗಾಬರಿಯಿಂದ ಏರಿದ ನಾಡಿ ನಿದ್ರೆಯಲ್ಲಿ ಇಳಿಯುತ್ತದೆ. ಥೈರಾಯ್ಡ್ ಹಾರ್ಮೋನು ಹೆಚ್ಚಾಗಿದ್ದರೆ ಸಾಮಾನ್ಯವಾಗಿ ನಿದ್ರೆಯಲ್ಲೂ ವೇಗವಾಗಿಯೇ ಇರುತ್ತದೆ. ಚೆನ್ನಾಗಿ ಉಂಡರೂ ತೂಕ ಇಳಿಯುವುದು, ಕೈ ನಡುಗುವುದು, ಸೆಕೆ ತಾಳಲಾಗದಿರುವುದು ಜೊತೆಗಿದ್ದರೆ ಟಿಎಸ್‌ಎಚ್ ರಕ್ತಪರೀಕ್ಷೆ ಬೇಕು.

ಈ ತಾಯಿಗೆ ಮೆಟ್ಟಿಲು ಹತ್ತಿದರೆ ಏದುಸಿರು, ಮುಟ್ಟಿನಲ್ಲಿ ಹೆಚ್ಚು ಸ್ರಾವ, ಮುಖ ಬಿಳಚಿದೆ. ಹಿಮೋಗ್ಲೋಬಿನ್ 8 ಇದೆ. ಗರ್ಭಿಣಿಯಲ್ಲದ ಮಹಿಳೆಗೆ 12 ಇರಬೇಕು. ಆಮ್ಲಜನಕ ಹೊರುವ ರಕ್ತ ಕಡಿಮೆಯಾದಾಗ ಹೃದಯ ಹೆಚ್ಚು ಸಲ ಬಡಿದು ಕೊರತೆ ತುಂಬುತ್ತದೆ.

ಕಬ್ಬಿಣದ ಮಾತ್ರೆಯನ್ನು ಚಹಾದ ಜೊತೆ ನುಂಗಬೇಡಿ, ಅದು ಮೈಗೆ ಹತ್ತದು. ಅತಿಸ್ರಾವಕ್ಕೂ ಚಿಕಿತ್ಸೆಯಾಗಲಿ; ಇಲ್ಲದಿದ್ದರೆ ರಕ್ತ ಮತ್ತೆ ಇಳಿಯುತ್ತದೆ. ರಕ್ತ ಏರಿದರೂ ನಾಡಿ ಇಳಿಯದಿದ್ದರೆ ಥೈರಾಯ್ಡ್ ಮತ್ತು ಇಸಿಜಿ ಪರೀಕ್ಷೆ ಮಾಡಿಸಿ.

ಎದೆನೋವು, ಮೂರ್ಛೆ, ಕುಳಿತಲ್ಲೇ ಉಸಿರಾಟದ ತೊಂದರೆ ಅಥವಾ ತಾಳ ತಪ್ಪಿದ ಬಡಿತವಿದ್ದರೆ ಎಣಿಸುತ್ತ ಕೂರಬೇಡಿ. ಆಳಂದ, ಅಫಜಲಪುರ, ಜೇವರ್ಗಿ, ಯಾವ ಊರಾದರೂ ಕೂಡಲೇ ತಾಲ್ಲೂಕು ಆಸ್ಪತ್ರೆಗೆ ಹೋಗಿ. 108ಕ್ಕೆ ಕರೆ ಮಾಡಿ.