ಚದರಡಿಗೆ ಎಷ್ಟು ಅನ್ನುವ ಮೊದಲು

ಹೊಸ ಫ್ಲ್ಯಾಟಿಗೆ ಅಡುಗೆಮನೆ ಮಾಡಿಸಲು ಹೊರಟವರು ಕೇಳುವ ಮೊದಲ ಪ್ರಶ್ನೆ ಒಂದೇ: ‘ಚದರಡಿಗೆ ಎಷ್ಟು?’ ಒಬ್ಬರು 1,450 ರೂಪಾಯಿ ಅನ್ನುತ್ತಾರೆ, ಇನ್ನೊಬ್ಬರು 1,800. ಮನೆಯವರು ಸಹಜವಾಗಿಯೇ ಮೊದಲಿನವರ ಕಡೆ ವಾಲುತ್ತಾರೆ. ಆದರೆ ಈ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡುವುದರಲ್ಲೇ ತಪ್ಪಿದೆ. ಇಬ್ಬರೂ ಅಳೆದಿರುವುದು ಒಂದೇ ಜಾಗವನ್ನೋ ಎಂಬುದು ಇನ್ನೂ ಗೊತ್ತಾಗಿಲ್ಲ.

ಲೆಕ್ಕ ಸ್ಪಷ್ಟವಾಗಲು ಒಂದು ಉದಾಹರಣೆ ಮಾಡಿಕೊಳ್ಳೋಣ. ಬೆಂಗಳೂರಿನ ಎರಡು ಬೆಡ್‌ರೂಮಿನ ಫ್ಲ್ಯಾಟ್, ‘ಎಲ್’ ಆಕಾರದ ಅಡುಗೆಮನೆ. ಉದ್ದದ ಗೋಡೆ 10 ಅಡಿ, ಗಿಡ್ಡ ಗೋಡೆ 8 ಅಡಿ. ಅಡುಗೆಕಟ್ಟೆಯ ಅಗಲ 2 ಅಡಿ.

1,450 ಹೇಳಿದವರು ಕೆಳಗಿನ ಕಪಾಟುಗಳಿಗೆ ಹತ್ತಕ್ಕೆ ಎಂಟು ಕೂಡಿಸಿ 18 ಅಡಿ ಬರೆದಿದ್ದಾರೆ. ಮೂಲೆಯ 2 ಅಡಿ ಎರಡೂ ಗೋಡೆಯ ಅಳತೆಯಲ್ಲಿ ಸೇರಿದೆ, ಅಂದರೆ ಒಂದೇ ಮೂಲೆಗೆ ಎರಡು ಸಲ ದುಡ್ಡು. ಎತ್ತರಕ್ಕೆ ನೆಲದಂಚಿನ ಸ್ಕರ್ಟಿಂಗ್ ಪಟ್ಟಿಯನ್ನೂ ಹಿಡಿದು ಎರಡೂ ಮುಕ್ಕಾಲು ಅಡಿ ಹಾಕಿದ್ದಾರೆ. ಹೀಗೆ ಕೆಳಗೆ 49.5 ಚದರಡಿ. ಮೇಲಿನ ಕಪಾಟುಗಳಿಗೆ 10 ಅಡಿ ಉದ್ದ, 2 ಅಡಿ ಎತ್ತರ, ಒಟ್ಟು 20 ಚದರಡಿ. ಚಿಮಣಿ ಕೂರುವ ಎರಡೂವರೆ ಅಡಿ ಖಾಲಿ ಜಾಗವೂ ಇದರಲ್ಲೇ ಬಂದುಬಿಟ್ಟಿದೆ.

1,800 ಹೇಳಿದವರು ಮೂಲೆಯನ್ನು ಒಂದೇ ಸಲ ಹಿಡಿದು 16 ಅಡಿ ಬರೆದಿದ್ದಾರೆ. ಸ್ಕರ್ಟಿಂಗ್ ಬಿಟ್ಟು ಎತ್ತರ ಎರಡೂವರೆ ಅಡಿ. ಕೆಳಗೆ 40 ಚದರಡಿ. ಮೇಲೆ ಚಿಮಣಿಯ ಜಾಗ ಕಳೆದು 15 ಚದರಡಿ.

ಈಗ ಗುಣಿಸಿ ನೋಡಿ. ಮೊದಲಿನವರದು 69.5 ಚದರಡಿಗೆ 1,00,775 ರೂಪಾಯಿ. ಎರಡನೆಯವರದು 55 ಚದರಡಿಗೆ 99,000. ಅಗ್ಗ ಅನ್ನಿಸಿದ್ದೇ ದುಬಾರಿಯಾಯಿತು, ಅದೂ ಒಳಗಿನ ಹಲಗೆ ಯಾವುದು ಎಂದು ಇನ್ನೂ ಯಾರೂ ಕೇಳದೆ ಇರುವಾಗ. ಆದ್ದರಿಂದ ದರ ಕೇಳುವ ಮೊದಲು ಅಳತೆ ಕೇಳಬೇಕು: ಮುಂಭಾಗದ ಉದ್ದ–ಎತ್ತರ ಮಾತ್ರವೋ, ಮೂಲೆ ಎಷ್ಟು ಸಲ, ಖಾಲಿ ಜಾಗಕ್ಕೂ ಲೆಕ್ಕವೋ, ಕಾಣುವ ಪಕ್ಕದ ಹಲಗೆಗೆ ಬೇರೆ ದುಡ್ಡೋ. ಒಂದು ಹಾಳೆಯ ಮೇಲೆ ಒಂದೊಂದು ಕಪಾಟಿನ ಅಳತೆಯನ್ನೂ ಬರೆಸಿಕೊಂಡರೆ ಈ ಗೊಂದಲ ಅಲ್ಲಿಗೇ ಮುಗಿಯುತ್ತದೆ. 18 ಶೇಕಡಾ ಜಿಎಸ್‌ಟಿ ಒಳಗೊಂಡಿದೆಯೋ ಇಲ್ಲವೋ ಎಂಬುದನ್ನೂ ಅದೇ ಹಾಳೆಯಲ್ಲಿ ಬರೆಸಬೇಕು.

ಇನ್ನು ಹಲಗೆಯ ವಿಷಯ. ಕೊಟೇಶನ್‌ನಲ್ಲಿ ‘ಬಿಡಬ್ಲ್ಯುಪಿ ಪ್ಲೈ’ ಎಂದು ದಪ್ಪಕ್ಷರದಲ್ಲಿ ಇರುತ್ತದೆ. ಅದು ಯಾವ ಭಾಗಕ್ಕೆ ಎಂಬುದು ಎಷ್ಟೋ ಸಲ ಇರುವುದಿಲ್ಲ. ಕಪಾಟು ಎಂದರೆ ಎರಡು ಭಾಗ: ಗೋಡೆಗೆ ಒರಗಿ ನಿಲ್ಲುವ ಪೆಟ್ಟಿಗೆ ಮತ್ತು ಮುಂದೆ ಕಾಣುವ ಬಾಗಿಲು, ಅಂದರೆ ಶಟರ್. ಶಟರ್ ಮಾತ್ರ ಪ್ಲೈ ಮಾಡಿ ಪೆಟ್ಟಿಗೆಯನ್ನು ಪಾರ್ಟಿಕಲ್ ಬೋರ್ಡಿನಲ್ಲಿ ಮುಗಿಸಿದರೂ ‘ಪ್ಲೈ ಕಿಚನ್’ ಎಂಬ ಹೆಸರು ಉಳಿಯುತ್ತದೆ. ಆದರೆ ನೀರು ತಗಲುವುದು ಪೆಟ್ಟಿಗೆಗೇ ಹೆಚ್ಚು.

ಪಾರ್ಟಿಕಲ್ ಬೋರ್ಡ್ ಎಂದರೆ ಮರದ ಚೂರುಗಳನ್ನು ಅಂಟಿನಲ್ಲಿ ಕಲಸಿ ಒತ್ತಿದ ಹಲಗೆ. ಒಣಗಿದ್ದಷ್ಟು ದಿನ ನೆಟ್ಟಗೇ ಇರುತ್ತದೆ. ಒಮ್ಮೆ ನೀರು ಕುಡಿದರೆ ಅಂಚು ಊದುತ್ತದೆ, ಒಣಗಿದ ಮೇಲೂ ಮೊದಲಿನ ದಪ್ಪಕ್ಕೆ ಮರಳುವುದಿಲ್ಲ. ಊದಿದ ಕಡೆ ಸ್ಕ್ರೂ ಹಿಡಿತ ಬಿಡುತ್ತದೆ, ಕೀಲು ಅಲುಗಾಡುತ್ತದೆ, ಶಟರ್ ಜೋತು ಬೀಳುತ್ತದೆ. ನಮ್ಮ ಮನೆಗಳಲ್ಲಿ ಅಡುಗೆಮನೆಯ ನೆಲಕ್ಕೆ ನೀರು ಸುರಿದು ತೊಳೆಯುವ ರೂಢಿ ಇನ್ನೂ ಇದೆ. ಸಿಂಕಿನ ಕೆಳಗಿನ ಕೊಳವೆಯ ಸಂದಿಯಂತೂ ಯಾವತ್ತಾದರೊಂದು ದಿನ ಸೋರಿಯೇ ಸೋರುತ್ತದೆ. ಹೀಗಾಗಿ ಸಿಂಕ್ ಕಪಾಟು ಮತ್ತು ಕೆಳಗಿನ ಸಾಲಿನ ಪೆಟ್ಟಿಗೆಗಳಿಗೆ ಐಎಸ್ 710 ಗುರುತಿನ ಬಿಡಬ್ಲ್ಯುಪಿ ಪ್ಲೈಯನ್ನೇ ಪಟ್ಟು ಹಿಡಿದು ಕೇಳುವುದು ಸರಿ. 72 ಗಂಟೆ ನೀರಿನ ಕುದಿತದ ಪರೀಕ್ಷೆಯಲ್ಲಿ ಪದರ ಬಿಡದೆ ಉಳಿಯಬೇಕೆಂಬ ಕಟ್ಟುಪಾಡು ಈ ಮಾನದಂಡಕ್ಕಿದೆ. ಅಂಗಡಿಯಲ್ಲಿ ಇದನ್ನೇ ‘ಮರೀನ್ ಪ್ಲೈ’ ಅನ್ನುವುದೂ ಉಂಟು. ಐಎಸ್ 303 ಎಂದು ಮಾತ್ರ ಇದ್ದರೆ ಅದು ಬೇರೆ ದರ್ಜೆ. ಅದರಲ್ಲಿ ‘ಎಂಆರ್’ ಎಂದಿದ್ದರೆ ಕೋಣೆಯ ವಾರ್ಡ್‌ರೋಬಿಗೆ ಸಾಕು, ಸಿಂಕಿನ ಕೆಳಗೆ ಬೇಡ.

ಹಾಗೆಂದು ಅಡುಗೆಮನೆಯ ಪ್ರತಿ ಹಲಗೆಗೂ ಅತಿ ದುಬಾರಿ ಪ್ಲೈ ಬೇಕಿಲ್ಲ. ಮೇಲಿನ ಸಾಲಿಗೆ ನೀರಿನ ಕಾಟ ಕಡಿಮೆ, ಅಲ್ಲಿ ಎಚ್‌ಡಿಎಚ್‌ಎಂಆರ್ ಅಥವಾ ಕೆಳದರ್ಜೆಯ ಪ್ಲೈ ಹಾಕಿಸಿ ಉಳಿಸಬಹುದು. ಎಚ್‌ಡಿಎಚ್‌ಎಂಆರ್ ಎಂಬುದು ತೇವ ತಡೆಯುವ, ದಟ್ಟವಾಗಿ ಒತ್ತಿದ ನಾರಿನ ಹಲಗೆ. ಮೇಲ್ಮೈ ಸಮತಟ್ಟಾಗಿರುವುದರಿಂದ ಶಟರಿಗೆ ಚೆನ್ನಾಗಿ ಒಗ್ಗುತ್ತದೆ, ಅಕ್ರಿಲಿಕ್ ಅಥವಾ ಬಣ್ಣದ ಮುಗಿತಾಯವಿದ್ದರಂತೂ ಪ್ಲೈಗಿಂತ ನುಣುಪಾಗಿ ಬರುತ್ತದೆ. ತೇವ ತಡೆಯುವುದು ಬೇರೆ, ನೀರಲ್ಲಿ ನಿಲ್ಲುವುದು ಬೇರೆ. ಮಾರುವವರು ಎರಡನ್ನೂ ‘ವಾಟರ್‌ಪ್ರೂಫ್’ ಎಂಬ ಒಂದೇ ಮಾತಿನಲ್ಲಿ ಮುಗಿಸಿದರೆ, ಒಂದು ತುಂಡು ಕೇಳಿ ಪಡೆಯಿರಿ. ಕತ್ತರಿಸಿದ ಅಂಚಿನ ದಪ್ಪ ಅಳೆದು ಬರೆದಿಟ್ಟು, ಒಂದು ಹಗಲು ಒಂದು ರಾತ್ರಿ ಬಕೆಟ್ಟಿನಲ್ಲಿ ಮುಳುಗಿಸಿ, ಮತ್ತೆ ಅಳೆಯಿರಿ. ಪ್ಲೈ ತುಂಡಾದರೆ ಅಂಚಿನ ಪದರಗಳ ನಡುವೆ ಖಾಲಿ ಸಂದಿ ಇದೆಯೋ ನೋಡಿ. ಸಂದಿ ಇರುವ ಕಡೆ ಸ್ಕ್ರೂ ಕಚ್ಚುವುದಿಲ್ಲ.

ಅಂಚಿಗೆ ಅಂಟಿಸುವ ಪಟ್ಟಿ, ಅಂದರೆ ಎಡ್ಜ್ ಬ್ಯಾಂಡ್, ಕೊಟೇಶನ್‌ನಲ್ಲಿ ಒಂದು ಸಾಲೂ ಇರುವುದಿಲ್ಲ. ಎಷ್ಟೋ ಕಪಾಟುಗಳಲ್ಲಿ ನೀರು ಒಳಗಿಳಿಯುವುದು ಅಲ್ಲಿಂದಲೇ. ಷೋರೂಮಿಗೆ ಹೋದಾಗ ಶಟರಿನ ಕೆಳಗಂಚಿನುದ್ದಕ್ಕೂ ಬೆರಳುಗುರು ಎಳೆದು ನೋಡಬಹುದು. ಯಂತ್ರದಲ್ಲಿ ಬಿಸಿ ಅಂಟು ಹಾಕಿ ಒತ್ತಿದ ಪಟ್ಟಿಯಲ್ಲಿ ಉಗುರು ಎಲ್ಲೂ ಸಿಕ್ಕಿಕೊಳ್ಳುವುದಿಲ್ಲ. ಸೈಟಿನಲ್ಲಿ ಕೈಯಿಂದ ಅಂಟಿಸಿದ್ದರಲ್ಲಿ ಮೂಲೆಯ ಹತ್ತಿರ ಸಣ್ಣ ಏರು ಸಿಗುತ್ತದೆ. ಮುಂದೆ ಪಟ್ಟಿ ಏಳುವುದೂ ಅಲ್ಲಿಂದಲೇ. ಶಟರಿನ ಹೊರಅಂಚುಗಳನ್ನು ಮಾತ್ರವಲ್ಲ, ಪೆಟ್ಟಿಗೆಯ ಕಾಣದ ಹಿಂದಿನ ಅಂಚುಗಳನ್ನೂ ಮುಚ್ಚಿದ್ದಾರೋ ಎಂದು ಕೇಳಬೇಕು.

ಚದರಡಿ ದರ ನಿಜಕ್ಕೂ ಕೈಕೊಡುವುದು ಹಾರ್ಡ್‌ವೇರಿನ ಲೆಕ್ಕದಲ್ಲಿ. ಹಲಗೆಯ ಖರ್ಚು ವಿಸ್ತೀರ್ಣದ ಜೊತೆ ಬೆಳೆಯುತ್ತದೆ, ಸರಿ. ಆದರೆ 3 ಅಡಿ ಅಗಲದ ಒಂದು ಕಪಾಟಿಗೆ ಎರಡು ಶಟರ್ ಹಾಕಿದರೂ ಏಳೂವರೆ ಚದರಡಿಯೇ, ಮೂರು ಡ್ರಾಯರ್ ಹಾಕಿದರೂ ಏಳೂವರೆಯೇ. ಮೊದಲನೆಯದಕ್ಕೆ ಬೇಕಾಗುವುದು ನಾಲ್ಕು ಕೀಲು. ಎರಡನೆಯದಕ್ಕೆ ಮೂರು ಜೊತೆ ಚಾನೆಲ್, ಮೂರು ಡ್ರಾಯರಿನ ತಳ ಮತ್ತು ಪಕ್ಕಗಳು. ಒಂದೇ ದರದಲ್ಲಿ ಎರಡೂ ಬರುವುದು ಸಾಧ್ಯವಿಲ್ಲ. ಬರುತ್ತದೆ ಎಂದರೆ, ಡ್ರಾಯರುಗಳನ್ನು ‘ಎಕ್ಸ್‌ಟ್ರಾ’ ಎಂದು ಆಮೇಲೆ ಹೇಳುವವರಿದ್ದಾರೆ ಎಂದೇ ಅರ್ಥ.

ನಮ್ಮ ಉದಾಹರಣೆಯ ಅಡುಗೆಮನೆಗೇ ಮರಳೋಣ. ಒಲೆಯ ಕೆಳಗಿನ 3 ಅಡಿ ಕಪಾಟಿಗೆ ಮೂರು ಡ್ರಾಯರ್, ಪಕ್ಕದ 2 ಅಡಿ ಕಪಾಟಿಗೆ ಮೂರು, ಒಟ್ಟು ಆರು. ಉಳಿದ ಕೆಳಗಿನ ಕಪಾಟುಗಳಲ್ಲಿ ಏಳು ಶಟರ್, ಮೇಲೆ ಐದು. ಶಟರಿಗೆ ಎರಡರಂತೆ 24 ಕೀಲು. ಸಾಧಾರಣ ಕೀಲಿಗೂ ಒಳ್ಳೆಯ ಸಾಫ್ಟ್‌ಕ್ಲೋಸ್ ಕೀಲಿಗೂ ಒಂದಕ್ಕೆ 150 ರೂಪಾಯಿ ವ್ಯತ್ಯಾಸ ಎಂದುಕೊಂಡರೆ ಒಟ್ಟು 3,600 ರೂಪಾಯಿ. ಸಾಧಾರಣ ಟೆಲಿಸ್ಕೋಪಿಕ್ ಚಾನೆಲಿಗೂ ಟ್ಯಾಂಡಮ್ ಬಾಕ್ಸ್ ಡ್ರಾಯರಿಗೂ ಒಂದಕ್ಕೆ 3,000 ವ್ಯತ್ಯಾಸ ಎಂದುಕೊಂಡರೆ ಆರಕ್ಕೆ 18,000. ಇದನ್ನು 55 ಚದರಡಿಗೆ ಹಂಚಿದರೆ ಚದರಡಿಗೆ ಸುಮಾರು 330 ರೂಪಾಯಿ. ಆರಂಭದಲ್ಲಿ ಕಂಡ 1,450 ಮತ್ತು 1,800ರ ನಡುವಿನ ಅಂತರ ಹೆಚ್ಚುಕಡಿಮೆ ಅಷ್ಟೇ.

ಈ ಲೆಕ್ಕದಿಂದ ಒಂದು ದಾರಿಯೂ ಕಾಣುತ್ತದೆ. ಕೀಲಿನಲ್ಲಿ ಉಳಿಸಲು ಹೋಗಬಾರದು, ಉಳಿಯುವುದೇ ಅಲ್ಪ. ದಿನಕ್ಕೆ ಹತ್ತಾರು ಸಲ ತೆರೆದು ಮುಚ್ಚುವ ಶಟರ್ ಬೇಗ ಕೆಟ್ಟರೆ ಮನಸ್ಸೂ ಕೆಡುತ್ತದೆ. ಡ್ರಾಯರುಗಳಲ್ಲಿ ಮಾತ್ರ ಆಯ್ಕೆಗೆ ಜಾಗವಿದೆ. ಕುಕ್ಕರು, ಕಬ್ಬಿಣದ ದೋಸೆ ಕಾವಲಿ, ಬೋಗುಣಿಗಳು ಕೂರುವ ಕೆಳಗಿನ ಅಗಲ ಡ್ರಾಯರಿಗೆ ಹೆಚ್ಚು ಭಾರ ಹೊರುವ ವ್ಯವಸ್ಥೆ ಬೇಕು. ಚಮಚ, ಸೌಟು ಇಡುವ ಮೇಲಿನದಕ್ಕೆ ಒಳ್ಳೆಯ ಟೆಲಿಸ್ಕೋಪಿಕ್ ಚಾನೆಲ್ ಸಾಕು. ಎಷ್ಟು ಕಿಲೋ ಹೊರುತ್ತದೆ ಎಂಬುದು ಪ್ರತಿ ಕಂಪನಿಯ ಕ್ಯಾಟಲಾಗಿನಲ್ಲಿ ಅಚ್ಚಾಗಿರುತ್ತದೆ. ಷೋರೂಮಿನಲ್ಲಿ ಡ್ರಾಯರನ್ನು ಪೂರ್ತಿ ಹೊರಗೆಳೆದು ಮುಂಭಾಗವನ್ನು ಅಂಗೈಯಿಂದ ಒತ್ತಿ, ಪಕ್ಕಕ್ಕೂ ಅಲುಗಿಸಿ ನೋಡಬೇಕು. ಖಾಲಿ ಇದ್ದಾಗಲೇ ಬಾಗುವಂಥದ್ದು ತುಂಬಿದ ಮೇಲೆ ನೆಟ್ಟಗಾಗುವುದಿಲ್ಲ.

ಕೊಟೇಶನ್‌ನಲ್ಲಿ ಎಚ್ಚರದಿಂದ ಓದಬೇಕಾದ ಸಾಲು ‘ಹೆಟ್ಟಿಕ್, ಎಬ್ಕೊ ಅಥವಾ ತತ್ಸಮಾನ’ ಎಂಬುದು. ಯಾವುದು ಸಮಾನ ಎಂದು ತೀರ್ಮಾನಿಸುವವರು ಅಲ್ಲಿ ಮನೆಯವರಲ್ಲ. ಕಂಪನಿಯ ಹೆಸರಷ್ಟೇ ಇದ್ದರೂ ಸಾಲದು, ಒಂದೇ ಕಂಪನಿ ಬೇರೆ ಬೇರೆ ಬೆಲೆಯ ಹಲವು ಸರಣಿಗಳನ್ನು ಮಾರುತ್ತದೆ. ಸರಣಿಯ ಹೆಸರು, ಎಷ್ಟು ಸಂಖ್ಯೆ, ಒಂದಕ್ಕೆ ಎಷ್ಟು ಬೆಲೆ, ಈ ಮೂರೂ ಬೇಕು.

ಆಕ್ಸೆಸರಿಗಳ ವಿಚಾರ ಇದಕ್ಕಿಂತ ಸರಳ: ಅವು ಚದರಡಿಯೊಳಗೆ ಬರಲೇಬಾರದು. ಬಾಟಲ್ ಪುಲ್‌ಔಟ್, ತಟ್ಟೆ–ಲೋಟದ ಬುಟ್ಟಿ, ಮೂಲೆಯ ಕಪಾಟಿನಿಂದ ತಿರುಗಿ ಹೊರಬರುವ ತಟ್ಟೆಗಳು, ಎಲ್ಲವನ್ನೂ ಎಣಿಸಿ ಬೇರೆ ಪಟ್ಟಿ ಮಾಡಿಸಬೇಕು. ಸ್ಟೀಲ್ ಬುಟ್ಟಿಯಾದರೆ 304 ದರ್ಜೆಯೋ 202 ದರ್ಜೆಯೋ ಎಂದು ಬರೆಸಬೇಕು. 304ರಲ್ಲಿ ಸುಮಾರು 18 ಶೇಕಡಾ ಕ್ರೋಮಿಯಂ, 8 ಶೇಕಡಾ ನಿಕ್ಕಲ್ ಇರುತ್ತದೆ. 202ರಲ್ಲಿ ನಿಕ್ಕಲ್ ತಗ್ಗಿಸಿ ಮ್ಯಾಂಗನೀಸ್ ಸೇರಿಸುತ್ತಾರೆ, ಉಪ್ಪು ಮತ್ತು ತೇವಕ್ಕೆ ಅದು ಬೇಗ ತುಕ್ಕಿಗೆ ತಿರುಗುತ್ತದೆ. ಅಯಸ್ಕಾಂತ ಹಿಡಿದು ಪರೀಕ್ಷಿಸುವ ಉಪಾಯ ಇಲ್ಲಿ ನಡೆಯುವುದಿಲ್ಲ, ಎರಡೂ ಹೆಚ್ಚುಕಡಿಮೆ ಅಂಟುವುದೇ ಇಲ್ಲ. ಇವೆಲ್ಲ ಕ್ರೋಮ್ ಲೇಪಿಸಿದ ಕಬ್ಬಿಣವನ್ನು ಪತ್ತೆ ಮಾಡಲು ಮಾತ್ರ ಅಯಸ್ಕಾಂತ ನೆರವಾಗುತ್ತದೆ. ಮೂಲೆಯ ದುಬಾರಿ ಯಂತ್ರದ ಬದಲು ಅದೇ ಹಣಕ್ಕೆ ಇನ್ನೊಂದು ಡ್ರಾಯರ್ ಸೆಟ್ ಹಾಕಿಸಿದರೆ ದಿನನಿತ್ಯದ ಅಡುಗೆಗೆ ಹೆಚ್ಚು ಉಪಯೋಗ. ಮೂಲೆಯಲ್ಲಿ ವರ್ಷಕ್ಕೊಮ್ಮೆ ತೆಗೆಯುವ ಹಬ್ಬದ ಪಾತ್ರೆಗಳು ಕೂತರೂ ನಡೆದೀತು.

ಹೀಗೆ ಅಳತೆ, ಹಲಗೆ, ಹಾರ್ಡ್‌ವೇರ್, ಆಕ್ಸೆಸರಿ ಎಂದು ಬಿಡಿಸಿ ಬರೆಸಿದ ಮೇಲೆ ಉಳಿಯುವುದು ಬರೆದದ್ದೇ ಬಂದಿದೆಯೋ ಎಂಬ ತಪಾಸಣೆ. ಲ್ಯಾಮಿನೇಟ್ ಅಂಟಿದ ಮೇಲೆ ಪ್ಲೈ ಮೇಲಿನ ಐಎಸ್ಐ ಮುದ್ರೆ ಮುಚ್ಚಿಹೋಗುತ್ತದೆ. ಆದ್ದರಿಂದ ಹಲಗೆ ಕತ್ತರಿಸುವ ಮೊದಲೇ ಕಾರ್ಖಾನೆಗೆ ಹೋಗಿ, ಐಎಸ್ 710 ಮತ್ತು ಅದರ ಜೊತೆಗಿರುವ ಲೈಸೆನ್ಸ್ ಸಂಖ್ಯೆ ಕಾಣುವಂತೆ ಫೋಟೊ ತೆಗೆದುಕೊಳ್ಳಬೇಕು. ಬಿಐಎಸ್ ಕೇರ್ ಆ್ಯಪಿನಲ್ಲಿ ಆ ಸಂಖ್ಯೆ ಹಾಕಿದರೆ ಅದು ಯಾರ ಹೆಸರಿನಲ್ಲಿದೆ, ಜಾರಿಯಲ್ಲಿದೆಯೋ ಇಲ್ಲವೋ ತಿಳಿಯುತ್ತದೆ. ಕೀಲು ಮತ್ತು ಚಾನೆಲುಗಳ ಮೇಲೆ ಕಂಪನಿಯ ಗುರುತು ಒತ್ತಿರುತ್ತದೆ. ಜೋಡಿಸುವ ದಿನ ಡಬ್ಬಿಗಳನ್ನು ಮನೆಯಲ್ಲೇ ಬಿಚ್ಚಿಸಿ, ಪಟ್ಟಿಯ ಸರಣಿ ಮತ್ತು ಸಂಖ್ಯೆಗೆ ತಾಳೆ ನೋಡಿ, ಆಮೇಲೆ ಕೊನೆಯ ಕಂತು ಕೊಡುವುದು.