‘ಇಂದು ರಜೆ’ ಎಂದರೆ ಸಾಲದು

ಕಾರ್ಖಾನೆಗೆ ನೆರೆನೀರು ನುಗ್ಗಿ ಯಂತ್ರಗಳು ನಿಂತಿವೆ ಎನ್ನೋಣ. ವಾಟ್ಸಾಪ್‌ನಲ್ಲಿ ‘ಇಂದು ರಜೆ’ ಎಂಬ ಒಂದು ಸಾಲು ಬರುತ್ತದೆ. ಸಂಬಳದ ರಜೆಯೋ, ಗಳಿಕೆ ರಜೆಯಲ್ಲಿ ಕಡಿತವೋ, ಲೇಆಫೋ? ತಕರಾರು ಹುಟ್ಟುವುದೇ ಇಲ್ಲಿ.

ಪ್ರಕೃತಿ ವಿಕೋಪದಿಂದ ಕೆಲಸ ಕೊಡಲಾಗದಿದ್ದರೆ ಕಾನೂನು ಅದನ್ನು ಲೇಆಫ್ ಎನ್ನುತ್ತದೆ. 50 ಅಥವಾ ಹೆಚ್ಚು ಕಾರ್ಮಿಕರಿರುವ ಕಾರ್ಖಾನೆಯಲ್ಲಿ ವರ್ಷ ಪೂರೈಸಿದ ಕಾಯಂ ಕಾರ್ಮಿಕರಿಗೆ ಮೂಲವೇತನ ಮತ್ತು ತುಟ್ಟಿಭತ್ಯೆಯ ಅರ್ಧ ಸಿಗಬೇಕು. ಇವೆರಡೂ ಸೇರಿ ದಿನಕ್ಕೆ 600 ರೂಪಾಯಿಯಾದರೆ, ಕೈಗೆ 300.

ಆದರೆ ದಿನಕ್ಕೊಮ್ಮೆಯಾದರೂ ನಿಗದಿತ ವೇಳೆಗೆ ಹಾಜರಾಗದವರಿಗೆ ಈ ಪರಿಹಾರ ತಪ್ಪಬಹುದು. ಮೊಣಕಾಲುದ್ದ ನೀರಲ್ಲಿ ಗೇಟಿಗೆ ಬರುವುದು ಹೇಗೆ? ಹಾಗಾಗಿ ‘ಬರಬೇಡಿ, ಹಾಜರಿ ಬೇಕಿಲ್ಲ, ಲೇಆಫ್ ಪರಿಹಾರ ಕೊಡುತ್ತೇವೆ’ ಎಂದು ನೋಟಿಸಿನಲ್ಲೇ ತಾರೀಖು, ಪಾಳಿ ಸಮೇತ ಬರೆಯಿಸಿಕೊಳ್ಳುವುದು ಒಳ್ಳೆಯದು. ಬಾಯಿಮಾತಿನ ಭರವಸೆ ಸಂಬಳದ ಚೀಟಿಯವರೆಗೂ ಉಳಿಯುವುದು ಅಪರೂಪ.