ಕೋರ್ಟು ಬಿಟ್ಟಿತು, ಹಾಗಾದರೆ ನೌಕರಿ ವಾಪಸ್ಸೇ?

ಉಡುತಡಿಯಿಂದ ಶಿಕಾರಿಪುರದ ಕಡೆ ಹೋಗಲಿ, ಶಿರಾಳಕೊಪ್ಪ ದಾಟಿ ಸೊರಬಕ್ಕೆ ಹೋಗಲಿ, ಅಮಾನತಾದ ಗ್ರಾಮಲೆಕ್ಕಿಗ, ಡಿಸ್ಮಿಸ್ ಆದ ಕಂಡಕ್ಟರ್, ಇಲಾಖಾ ವಿಚಾರಣೆ ಎದುರಿಸುತ್ತಿರುವ ಮೇಷ್ಟ್ರು, ಯಾರ ವಿಷಯ ಬಂದರೂ ಬಸ್ ನಿಲ್ದಾಣದ ತೀರ್ಪು ಒಂದೇ: ‘ನೋಡಿದವರು ಯಾರೂ ಇಲ್ಲ, ಕೋರ್ಟಲ್ಲಿ ಬಿದ್ದುಹೋಗುತ್ತೆ. ಕೋರ್ಟು ಬಿಟ್ಟ ಮೇಲೆ ಇವರು ಕೆಲಸ ಕೊಡಲೇಬೇಕು.’ ಹೇಳುವವರ ದನಿಯಲ್ಲಿ ಅನುಮಾನದ ಸುಳಿವೂ ಇರುವುದಿಲ್ಲ. ಓದಿದವರು, ಸರ್ಕಾರಿ ನೌಕರರು, ಒಮ್ಮೊಮ್ಮೆ ಸ್ವತಃ ವಿಚಾರಣಾ ಸಮಿತಿಯಲ್ಲಿ ಕೂತವರೂ ಇದನ್ನೇ ಹೇಳುತ್ತಾರೆ ಎನ್ನುವುದು ಬೇಸರದ ಸಂಗತಿ.

ಈ ಮಾತಿನಲ್ಲಿ ಎರಡು ತಪ್ಪು ಒಟ್ಟಿಗೆ ಸೇರಿಕೊಂಡಿವೆ. ವಿಚಾರಣಾ ಸಮಿತಿಯೆಂದರೆ ಸಣ್ಣ ಸೈಜಿನ ಕೋರ್ಟು ಎಂಬುದು ಒಂದು. ಎರಡೂ ಕಡೆ ಕೇಳುವ ಪ್ರಶ್ನೆ ಒಂದೇ ಎಂಬುದು ಇನ್ನೊಂದು.

ಕ್ರಿಮಿನಲ್ ನ್ಯಾಯಾಲಯ ಕೇಳುವುದು ಈ ಮನುಷ್ಯ ಅಪರಾಧ ಮಾಡಿದ್ದು ಸಮಂಜಸವಾದ ಸಂಶಯಕ್ಕೆ ಎಡೆಯಿಲ್ಲದಂತೆ ಸಾಬೀತಾಗಿದೆಯೇ ಎಂದು. ಅಲ್ಲಿ ಸಂಶಯದ ಲಾಭ ಆರೋಪಿಗೆ. ಸಮಿತಿ ಕೇಳುವುದು ಬೇರೆ: ಈ ನೌಕರ ನಡತೆಯ ನಿಯಮ ಮುರಿದನೇ, ಮುಂದಿರುವ ಸಾಕ್ಷ್ಯವನ್ನೆಲ್ಲ ತೂಗಿದರೆ ಆರೋಪ ನಿಜವಿರುವ ಸಂಭವ ಹೆಚ್ಚೋ, ಸುಳ್ಳಿರುವ ಸಂಭವ ಹೆಚ್ಚೋ? ಸಾಕ್ಷ್ಯ ಕಾನೂನಿನ ಕಟ್ಟುನಿಟ್ಟು ಇಲ್ಲಿಗೆ ಅನ್ವಯಿಸುವುದಿಲ್ಲ. ಒಂದೇ ಘಟನೆಗೆ ಎರಡು ಕಡೆ ಎರಡು ಉತ್ತರ ಬಂದರೆ ಅದರಲ್ಲಿ ವಿರೋಧಾಭಾಸವೇನೂ ಇಲ್ಲ.

ಹಾಗಂತ ಹೇಳಿದರೆ ಯಾರಾದರೊಬ್ಬರು ಕೋಲಾರದ ಕೇಸು ತೆಗೆಯುತ್ತಾರೆ. ತೆಗೆಯಲಿ, ಅದು ಒಳ್ಳೆಯ ಕೇಸೇ. ಆದರೆ ಅದನ್ನು ಪೂರ್ತಿ ಹೇಳುವವರು ಕಡಿಮೆ.

1985ರ ಜೂನ್ ತಿಂಗಳು. ಕೋಲಾರ ಚಿನ್ನದ ಗಣಿಯ ಭಾರತ್ ಗೋಲ್ಡ್ ಮೈನ್ಸ್ ಕಂಪನಿಯ ಭದ್ರತಾಧಿಕಾರಿಯೊಬ್ಬರ ಮನೆಯ ಮೇಲೆ ಪೊಲೀಸರು ದಾಳಿ ಮಾಡಿದರು. 4.5 ಗ್ರಾಂ ತೂಕದ ಚಿನ್ನದ ಉಂಡೆ, 1,276 ಗ್ರಾಂ ಚಿನ್ನ ಬೆರೆತ ಮರಳು ಸಿಕ್ಕಿತು ಎಂದರು. ಕ್ರಿಮಿನಲ್ ಮೊಕದ್ದಮೆ ದಾಖಲಾಯಿತು. ಕಂಪನಿ ಅಧಿಕಾರಿಯನ್ನು ಅಮಾನತು ಮಾಡಿ, ಮರುದಿನವೇ ದೋಷಾರೋಪಣಾ ಪಟ್ಟಿಯನ್ನೂ ಕೊಟ್ಟಿತು. ಮೊಕದ್ದಮೆ ಮುಗಿಯುವವರೆಗೆ ಇಲಾಖಾ ವಿಚಾರಣೆ ನಿಲ್ಲಿಸಿ ಎಂದು ಅವರು ಕೇಳಿದ್ದಕ್ಕೆ ಒಪ್ಪಲಿಲ್ಲ. ಅಮಾನತಿನ ಅವಧಿಯಲ್ಲಿ ಕೊಡಬೇಕಾದ ಜೀವನಾಧಾರ ಭತ್ಯೆಯನ್ನೂ ಕೊಡಲಿಲ್ಲ. ಅವರು ಕೇರಳದ ಊರಿಗೆ ಹೋದರು, ಅಲ್ಲಿ ಕಾಯಿಲೆ ಬಿದ್ದರು, ವಿಚಾರಣೆಗೆ ಬರಲು ಕೈಯಲ್ಲಿ ಕಾಸಿರಲಿಲ್ಲ. ವಿಚಾರಣೆ ಅವರ ಗೈರುಹಾಜರಿಯಲ್ಲೇ ನಡೆಯಿತು. 1986ರ ಜೂನ್‌ನಲ್ಲಿ ವಜಾ. 1987ರ ಫೆಬ್ರವರಿಯಲ್ಲಿ ಕ್ರಿಮಿನಲ್ ನ್ಯಾಯಾಲಯ ಅವರನ್ನು ಖುಲಾಸೆ ಮಾಡಿತು. ದಾಳಿ ನಡೆದದ್ದಾಗಲೀ ಚಿನ್ನ ಸಿಕ್ಕಿದ್ದಾಗಲೀ ಸಾಬೀತಾಗಲಿಲ್ಲ ಎಂದಿತು. ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಗಿ, 1999ರ ಮಾರ್ಚ್ 30ರಂದು ವಜಾ ಆದೇಶ ರದ್ದಾಯಿತು. ನೌಕರಿಯೂ ಸಿಕ್ಕಿತು, ಬಾಕಿ ಸಂಬಳವೂ ಸಿಕ್ಕಿತು.

ಬಸ್ ನಿಲ್ದಾಣದ ನ್ಯಾಯಶಾಸ್ತ್ರಜ್ಞರು ಈ ಕಥೆಯಲ್ಲಿ ‘ಖುಲಾಸೆ’ ಮತ್ತು ‘ನೌಕರಿ’ ಎರಡನ್ನೇ ನೆನಪಿಟ್ಟುಕೊಂಡು ಮಧ್ಯದ್ದನ್ನು ನುಂಗುತ್ತಾರೆ. ಇಲಾಖಾ ವಿಚಾರಣೆ, ಮೊಕದ್ದಮೆ ಎರಡೂ ಒಟ್ಟಿಗೆ ನಡೆಯಬಹುದು ಎಂಬ ಮಾತು ಅದೇ ತೀರ್ಪಿನಲ್ಲಿದೆ. ಆರೋಪ ಗಂಭೀರವಾಗಿದ್ದು, ಕಾನೂನು ಮತ್ತು ಸಂಗತಿಗಳ ತೊಡಕಿನ ಪ್ರಶ್ನೆಗಳಿದ್ದರೆ ಮಾತ್ರ ವಿಚಾರಣೆ ತಡೆಹಿಡಿಯುವುದು ಒಳಿತು. ಮೊಕದ್ದಮೆ ವರ್ಷಗಟ್ಟಲೆ ಎಳೆದರೆ ಅದಕ್ಕಾಗಿ ಕಾಯುತ್ತ ಕೂರಬೇಕಿಲ್ಲ. ಹಾಗಾದರೆ ಈ ಅಧಿಕಾರಿ ಗೆದ್ದದ್ದು ಹೇಗೆ? ಎರಡೂ ಕಡೆ ಇದ್ದದ್ದು ಅದೇ ದಾಳಿ, ಅದೇ ಪಂಚನಾಮೆ, ಅವೇ ಸಾಕ್ಷಿಗಳು. ಒಂದು ಕಡೆ ಆ ಸಾಕ್ಷಿಗಳನ್ನು ಪಾಟೀಸವಾಲಿಗೆ ಒಡ್ಡಿದಾಗ ದಾಳಿಯೇ ನಿಲ್ಲಲಿಲ್ಲ. ಇನ್ನೊಂದು ಕಡೆ ಅವರನ್ನು ಪ್ರಶ್ನಿಸಲು ಎದುರಿಗೆ ಯಾರೂ ಇರಲಿಲ್ಲ, ಇಲ್ಲದಂತೆ ಮಾಡಿದ್ದು ಕಂಪನಿಯೇ. ಹಣ ಕೊಡದೆ ವಿಚಾರಣೆಗೆ ಬಾ ಎಂದರೆ ಬಾರದಿರು ಎಂದಂತೆ. ಗೆಲುವಿನ ಕಾರಣ ಇಷ್ಟು ನಿರ್ದಿಷ್ಟವಾದದ್ದು. ಸಾಕ್ಷಿ ತಿರುಗಿಬಿದ್ದು ಬಿಡುಗಡೆಯಾದವರು, ಸಂಶಯದ ಲಾಭ ಪಡೆದವರು, ಇಲಾಖೆಯಲ್ಲಿ ಬೇರೆ ದಾಖಲೆಗಳ ಮೇಲೆ ಆರೋಪ ಎದುರಿಸುತ್ತಿರುವವರು ಎಲ್ಲರೂ ಇದೇ ತೀರ್ಪಿನ ಬಾಲ ಹಿಡಿಯಲು ಬರುವುದಿಲ್ಲ.

ಈಗ ‘ನೋಡಿದವರಿಲ್ಲ’ ಎಂಬ ಅರ್ಧಕ್ಕೆ ಬರೋಣ. ಇದಕ್ಕೆ ಉತ್ತರ ಬಸ್ಸಿನಲ್ಲೇ ಇದೆ.

ಶಿಕಾರಿಪುರದ ಪಕ್ಕದ ಹಿರೇಕೆರೂರು ದಾಟಿದರೆ ವಾಯವ್ಯ ಕರ್ನಾಟಕ ಸಾರಿಗೆ ಸಂಸ್ಥೆಯ ಬಸ್ಸುಗಳ ಸೀಮೆ. ಆ ಸಂಸ್ಥೆಯ ಕಂಡಕ್ಟರೊಬ್ಬರ ಚೀಲದಲ್ಲಿ, ಲೆಕ್ಕಕ್ಕೆ ಸಿಗದ 93 ರೂಪಾಯಿ ಹೆಚ್ಚುವರಿಯಾಗಿ ಸಿಕ್ಕಿತ್ತು. ಹೆಚ್ಚುವರಿ ಎಂದು ಗೊತ್ತಾಗುವುದು ಹೇಗೆ ಎಂದು ಹಳೆಯ ಚೀಟಿ ಟಿಕೆಟ್ಟಿನ ಕಾಲದ ಯಾವ ಕಂಡಕ್ಟರನ್ನು ಕೇಳಿದರೂ ಹೇಳುತ್ತಾರೆ. ವೇಬಿಲ್ಲಿನಲ್ಲಿ ಪ್ರತಿ ದರದ ಟಿಕೆಟ್ಟಿನ ಮೊದಲ ನಂಬರ್ ಬರೆದಿರುತ್ತಿತ್ತು. ತಪಾಸಣೆಯ ಹೊತ್ತಿನ ನಂಬರಿನಿಂದ ಅದನ್ನು ಕಳೆದರೆ ಎಷ್ಟು ಟಿಕೆಟ್ ಹರಿದಿದೆ ಎಂದು ತಿಳಿಯುತ್ತಿತ್ತು, ದರದಿಂದ ಗುಣಿಸಿದರೆ ಚೀಲದಲ್ಲಿ ಎಷ್ಟಿರಬೇಕು ಎಂಬುದು. ಅದಕ್ಕಿಂತ ಹೆಚ್ಚಿದ್ದರೆ ಎಲ್ಲಿಂದ ಬಂತು ಎಂದು ಹೇಳಬೇಕಾದವರು ಚೀಲ ಹಿಡಿದವರು. ಕಂಡಕ್ಟರ್ ಪರವಾಗಿ ಎದ್ದ ದೊಡ್ಡ ತಕರಾರು ಪ್ರಯಾಣಿಕರನ್ನು ಕರೆದು ವಿಚಾರಿಸಿಲ್ಲ ಎಂಬುದಾಗಿತ್ತು. ಸುಪ್ರೀಂ ಕೋರ್ಟು ಒಪ್ಪಲಿಲ್ಲ. 1977ರಲ್ಲೇ ಹರಿಯಾಣದ ಕಂಡಕ್ಟರೊಬ್ಬರ ಪ್ರಕರಣದಲ್ಲಿ ಇದು ತೀರ್ಮಾನವಾಗಿತ್ತು: ಬಸ್ ಇಳಿದು ಹೋದ ಪ್ರಯಾಣಿಕರನ್ನು ಹುಡುಕಿ ತರಬೇಕಿಲ್ಲ, ತಪಾಸಣೆ ಮಾಡಿದವರ ಹೇಳಿಕೆ ನಂಬಲರ್ಹವಾಗಿದ್ದರೆ ಸಾಕು. 93 ರೂಪಾಯಿಯ ವಜಾ ಆದೇಶ ಉಳಿಯಿತು. ಮೊತ್ತ ಚಿಕ್ಕದಲ್ಲವೇ ಎಂದವರಿಗೆ ನ್ಯಾಯಾಲಯ ಕೊಟ್ಟ ಉತ್ತರ, ಇಲ್ಲಿ ಅಳೆಯುವುದು ಮೊತ್ತವನ್ನಲ್ಲ, ಹಣ ಹಿಡಿಯುವ ನೌಕರನ ಮೇಲೆ ಸಂಸ್ಥೆ ಕಳೆದುಕೊಂಡ ವಿಶ್ವಾಸವನ್ನು ಎಂದು.

ಇಷ್ಟು ಓದಿದ ಕೂಡಲೇ ಕೆಲವರು ಇನ್ನೊಂದು ತುದಿಗೆ ಜಿಗಿಯುತ್ತಾರೆ: ‘ಹಾಗಾದರೆ ಸಮಿತಿಗೆ ಏನು ಬೇಕಾದರೂ ನಡೆಯುತ್ತೆ, ಬೆಂಕಿಯಿಲ್ಲದೆ ಹೊಗೆಯಾಡುತ್ತಾ?’ ನಡೆಯುವುದಿಲ್ಲ. 1962ರ ಸುಪ್ರೀಂ ಕೋರ್ಟ್ ತೀರ್ಪೊಂದರಲ್ಲಿ ಮೈಸೂರು ಸರ್ಕಾರ ಮತ್ತು ಅದರದೇ ಒಬ್ಬ ಪೊಲೀಸ್ ಅಧಿಕಾರಿ ಎದುರಾಳಿಗಳು. ಸಮಿತಿ ಮಾಹಿತಿಯನ್ನು ಎಲ್ಲಿಂದ ಬೇಕಾದರೂ ಪಡೆಯಬಹುದು, ಆದರೆ ಯಾರ ವಿರುದ್ಧ ಬಳಸುತ್ತದೋ ಅವರ ಮುಂದಿಟ್ಟು ಉತ್ತರಿಸಲು ಅವಕಾಶ ಕೊಡದೆ ಒಂದಕ್ಷರವನ್ನೂ ನೆಚ್ಚುವಂತಿಲ್ಲ ಎಂದು ಅಲ್ಲಿ ಹೇಳಲಾಯಿತು. ಸಾಕ್ಷಿ ಮೊದಲೇ ಕೊಟ್ಟ ಹೇಳಿಕೆಯನ್ನು ಬಳಸಬೇಕೆಂದರೆ ಅದರ ಪ್ರತಿ ಕೊಡಬೇಕು, ಸಾಕ್ಷಿಯ ಎದುರು ಓದಿಸಬೇಕು, ಪಾಟೀಸವಾಲು ಮಾಡಲು ಬಿಡಬೇಕು. ಮರುವರ್ಷ ದೆಹಲಿಯ ಒಂದು ಪ್ರಕರಣ ಬಂತು. ಮೇಲಧಿಕಾರಿಯ ಮನೆಗೆ ಹೋದ ನೌಕರ ಜೇಬಿನಿಂದ ನೂರರ ನೋಟಿನಂತೆ ಕಂಡ ಮಡಿಸಿದ ಕಾಗದ ತೆಗೆದ ಎಂಬುದು ಆರೋಪ. ನೋಟು ಎಂಬುದು ಊಹೆ. ಅನುಮಾನ ಎಷ್ಟೇ ಬಲವಾಗಿದ್ದರೂ ಪುರಾವೆಯ ಜಾಗದಲ್ಲಿ ಕೂರಲಾರದು, ಇಲಾಖಾ ವಿಚಾರಣೆಯಲ್ಲೂ ಸಹ, ಎಂದು ವಜಾ ರದ್ದಾಯಿತು. ಕಂಡಕ್ಟರನ ಚೀಲದ 93 ರೂಪಾಯಿಗೂ ಈ ನೂರರ ನೋಟಿಗೂ ಇರುವ ಅಂತರ ಇದೇ. ಒಂದನ್ನು ಎಣಿಸಿ ಬರೆದುಕೊಳ್ಳಲಾಗಿತ್ತು, ಇನ್ನೊಂದು ಕಂಡಂತಾಗಿತ್ತು.

ಹಾಗಾಗಿ ವಿಚಾರಣೆಯ ವರದಿ ಕೈಗೆ ಬಂದಾಗ ಮೊದಲು ನೋಡಬೇಕಾದ್ದು ಕೊನೆಯ ಪುಟವನ್ನಲ್ಲ. ಪ್ರತಿ ಆರೋಪಕ್ಕೂ ಬೇರೆ ಬೇರೆ ತೀರ್ಮಾನ ಇದೆಯೇ? ಸಮಿತಿ ಯಾವ ಸಾಕ್ಷಿಯನ್ನು ಯಾಕೆ ನಂಬಿತು, ಆಪಾದಿತರ ವಿವರಣೆಯನ್ನು ಯಾಕೆ ತಳ್ಳಿಹಾಕಿತು ಎಂದು ಬರೆದಿದೆಯೇ? ‘ಎಲ್ಲ ದಾಖಲೆಗಳನ್ನು ಪರಿಶೀಲಿಸಲಾಗಿ ಆರೋಪ ಸಾಬೀತಾಗಿದೆ’ ಎಂಬ ಒಂದೇ ಸಾಲಿದ್ದರೆ ಅದು ವರದಿಯಲ್ಲ, ರುಜು ಹಾಕಿದ ಅಭಿಪ್ರಾಯ. ಅಂಥ ವರದಿಯನ್ನು ನೆಚ್ಚಿ ಒಬ್ಬರನ್ನು ಕಳ್ಳರೆಂದು ತಿಂಗಳುಗಟ್ಟಲೆ ಕರೆಯುವ ಊರೇ, ‘ನೋಡಿದವರಿಲ್ಲ’ ಎಂದು ಇನ್ನೊಬ್ಬರನ್ನು ಮೆರವಣಿಗೆ ಮಾಡುತ್ತದೆ. ಸಹಿಯಿಲ್ಲದ ಅರ್ಜಿ ಮೊಬೈಲಿನಿಂದ ಮೊಬೈಲಿಗೆ ಹೋದರೆ ಸಾಕು, ನಂಬುವುದಕ್ಕೆ ಪುರಾವೆ ಬೇಕಿಲ್ಲ. ಮೂವತ್ತು ಪುಟದ ವರದಿ ಬಂದರೆ ಮಾತ್ರ ಎಲ್ಲರಿಗೂ ಇದ್ದಕ್ಕಿದ್ದಂತೆ ಕಣ್ಣಾರೆ ಕಂಡ ಸಾಕ್ಷಿಯೇ ಬೇಕು.

ಉಳಿದ ಕೆಲವು ನಂಬಿಕೆಗಳಿಗೆ ಇಷ್ಟು ಜಾಗ ಬೇಡ. ಲೈಂಗಿಕ ಕಿರುಕುಳದ ದೂರು ಸಾಬೀತಾಗದಿದ್ದರೆ ದೂರಿತ್ತ ಮಹಿಳೆಗೇ ಶಿಕ್ಷೆ ಎಂಬುದು ತಪ್ಪು. 2013ರ ಕಾಯ್ದೆಯ 14ನೇ ಕಲಂ ಪ್ರಕಾರ ದುರುದ್ದೇಶ ಬೇರೆಯಾಗಿಯೇ ಸಾಬೀತಾಗಬೇಕು. ಹತ್ತಕ್ಕಿಂತ ಕಡಿಮೆ ನೌಕರರಿರುವ ಅಂಗಡಿಯವರಿಗೆ ಸಮಿತಿಯೇ ಇಲ್ಲ ಎಂಬುದೂ ಸುಳ್ಳು. ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿ ಇರುವುದೇ ಅವರಿಗಾಗಿ.

ಸಮಿತಿಯ ಶಿಫಾರಸೇ ಅಂತಿಮ ಶಿಕ್ಷೆ ಎನ್ನುವವರಿಗೆ ಮಾತ್ರ ಬೆಂಗಳೂರಿನ ಒಂದು ಹಳೆಯ ಕಥೆ ಹೇಳಬೇಕು. 1950ರ ದಶಕದ ಕೊನೆಯಲ್ಲಿ ಮೈಸೂರು ಸರ್ಕಾರದ ಯೋಜನಾ ವಿಭಾಗದ ಅಧಿಕಾರಿಯೊಬ್ಬರ ಮೇಲೆ ಸುಳ್ಳು ಭತ್ಯೆ ಬಿಲ್ಲಿನ ಆರೋಪ ಬಂತು. ವಿಚಾರಣಾಧಿಕಾರಿ ಶಿಫಾರಸು ಮಾಡಿದ್ದು ಹುದ್ದೆಯಿಂದ ಹಿಂಬಡ್ತಿ. ಸರ್ಕಾರಕ್ಕೆ ಅದು ಸಾಲಲಿಲ್ಲ, ವಜಾ ಮಾಡಬಾರದೇಕೆ ಎಂದು ನೋಟಿಸು ಕೊಟ್ಟು ವಜಾ ಮಾಡಿತು. ಶಿಫಾರಸನ್ನು ಮೀರುವ ಅಧಿಕಾರ ಸರ್ಕಾರಕ್ಕೆ ಇತ್ತು, ಅದರಲ್ಲಿ ಎಡವಟ್ಟಿರಲಿಲ್ಲ. ಎಡವಟ್ಟು ಇದ್ದದ್ದು ಆದೇಶದ ಒಳಗೆ. ಈತನಿಗೆ ಹಿಂದೆಯೂ ಶಿಕ್ಷೆಯಾಗಿತ್ತು, ಆದ್ದರಿಂದ ಈ ಸಲ ವಜಾ ಎಂದು ಬರೆದಿದ್ದರು. ನೋಟಿಸಿನಲ್ಲಿ ಆ ಹಳೆಯ ಶಿಕ್ಷೆಗಳ ಪ್ರಸ್ತಾಪವೇ ಇರಲಿಲ್ಲ. ಹಿಂದಿನ ದಾಖಲೆ ನೋಡಿ ಶಿಕ್ಷೆ ಹೆಚ್ಚಿಸಬಹುದು, ಆದರೆ ಅದನ್ನೇ ಆಧಾರ ಮಾಡುತ್ತೇವೆ ಎಂದು ಮೊದಲೇ ಹೇಳಬೇಕು, ಏಕೆಂದರೆ ಹಳೆಯ ಶಿಕ್ಷೆಗೂ ಅವರ ಬಳಿ ಒಂದು ಸಮಜಾಯಿಷಿ ಇರಬಹುದು. ಸುಪ್ರೀಂ ಕೋರ್ಟು ಹೀಗೆಂದು ಸರ್ಕಾರದ ಮೇಲ್ಮನವಿಯನ್ನು ತಳ್ಳಿಹಾಕಿತು. ಸುಳ್ಳು ಬಿಲ್ಲಿನ ಆರೋಪ ಬಿದ್ದುಹೋಗಲಿಲ್ಲ. ಶಿಕ್ಷೆಯ ಹಂತವನ್ನು ಮತ್ತೆ ಮೊದಲಿಂದ, ನಿಯಮದ ಪ್ರಕಾರ ನಡೆಸಲು ಸರ್ಕಾರಕ್ಕೆ ಅಡ್ಡಿಯಿಲ್ಲ ಎಂದೂ ಅದೇ ತೀರ್ಪಿನಲ್ಲಿ ಬರೆದಿದೆ.